ಮುದ್ದೆ–ಸಾರು, ಅನ್ನ–ಸಾರು: ಸಾರಿನಲ್ಲಿ ಬೇಳೆ ಎಷ್ಟಿರಬೇಕು?

ಕ್ಯಾತ್ಸಂದ್ರ ಸುಮಾ

ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ನಾನು, ಯಜಮಾನರು, ಅತ್ತೆ, ಪಿಯುಸಿ ಓದುತ್ತಿರುವ ಮಗಳು, ಒಟ್ಟು ನಾಲ್ಕು ಜನ. ಬೆಳಿಗ್ಗೆ ಚಪಾತಿ–ಪಲ್ಯ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ–ಸಾರು, ರಾತ್ರಿ ಅನ್ನ–ಸಾರು, ಕೊನೆಗೆ ಮಜ್ಜಿಗೆ. ವಾರದಲ್ಲಿ ಎರಡು ಮೂರು ದಿನ ಬಸ್ಸಾರು ಇದ್ದೇ ಇರುತ್ತದೆ.

ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಅಕ್ಕಿಯಲ್ಲಿ ಒಂದು ಕಡಿಮೆ, ಬೇಳೆಯಲ್ಲಿ ಇನ್ನೊಂದು ಕಡಿಮೆ, ಎರಡನ್ನೂ ಒಂದೇ ಊಟದಲ್ಲಿ ತಿಂದರೆ ಮಾತ್ರ ಪ್ರೋಟೀನ್ ಪೂರ್ಣವಾಗುತ್ತದೆ ಎಂದು ಮಗಳು ಹೇಳುತ್ತಿದ್ದಾಳೆ. ಹಾಗಾದರೆ ಬೆಳಗಿನ ಚಪಾತಿ–ಆಲೂಗೆಡ್ಡೆ ಪಲ್ಯ ವ್ಯರ್ಥವೇ? ರಾಗಿಗೂ ಇದೇ ಮಾತು ಅನ್ವಯಿಸುತ್ತದೆಯೇ? ಎಲ್ಲಿ ಓದಿದರೂ ಅನ್ನ ಮತ್ತು ರೊಟ್ಟಿಯ ಹೆಸರೇ ಬರುತ್ತದೆ, ಮುದ್ದೆಯ ಬಗ್ಗೆ ಯಾರೂ ಬರೆಯುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ತಿಪಟೂರು ಶಿವಣ್ಣ

ನಿಮ್ಮ ಮಗಳು ಹೇಳಿದ್ದು ಸರಿ ತಾಯಿ. ಅಕ್ಕಿಯಲ್ಲಿ ಲೈಸೀನ್ ಇಲ್ಲ, ಬೇಳೆಯಲ್ಲಿ ಮೆಥಿಯೋನೀನ್ ಇಲ್ಲ. ಎರಡೂ ಒಂದೇ ತುತ್ತಿನಲ್ಲಿ ಹೊಟ್ಟೆಗೆ ಹೋದರೆ ಮಾತ್ರ ದೇಹಕ್ಕೆ ದಕ್ಕುತ್ತದೆ. ಅದಕ್ಕೇ ನಮ್ಮ ಹಿರಿಯರು ಅನ್ನಕ್ಕೆ ಸಾರು ಕಲಸಿಕೊಂಡು ತಿನ್ನುವ ಪದ್ಧತಿ ಮಾಡಿದರು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದೂ ಅದೇ ಲೆಕ್ಕ. ನಿಮ್ಮ ಮನೆಯಲ್ಲಿ ದಿನಕ್ಕೆರಡು ಹೊತ್ತು ಸಾರು ಇದೆ ಎಂದಮೇಲೆ ಯಾವ ಚಿಂತೆಯೂ ಬೇಡ.

ಗೌರಿಬಿದನೂರು ವಿಮಲಾ

ಆಸ್ಪತ್ರೆಯ ಪಥ್ಯಾಹಾರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಶಿವಣ್ಣನವರೇ, ಕೂಡಿಸಿ ತಿನ್ನಬೇಕು ಎನ್ನುವುದು ಸರಿ. ಆದರೆ 'ಇಲ್ಲ' ಎಂಬ ಮಾತನ್ನೂ 'ಒಂದೇ ತುತ್ತು' ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ.

ದೇಹ ತಾನಾಗಿ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು ಒಂಬತ್ತು. ಆ ಒಂಬತ್ತೂ ಅಕ್ಕಿಯಲ್ಲಿವೆ, ರಾಗಿಯಲ್ಲಿವೆ, ಗೋಧಿಯಲ್ಲಿವೆ, ತೊಗರಿಬೇಳೆಯಲ್ಲೂ ಇವೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ನೂರು ಗ್ರಾಂ ಅಕ್ಕಿಯಲ್ಲಿ ಲೈಸೀನ್ ಸುಮಾರು 300 ಮಿಲಿಗ್ರಾಂ, ಗೋಧಿಹಿಟ್ಟಿನಲ್ಲಿ 280, ರಾಗಿಯಲ್ಲಿ 200ರ ಆಸುಪಾಸು. ಅಷ್ಟೇ ತೂಕದ ತೊಗರಿಬೇಳೆಯಲ್ಲಿ 1400. ಇನ್ನು ಮೆಥಿಯೋನೀನ್ ವಿಷಯದಲ್ಲಿ ರಾಗಿಗೆ ಯಾರ ಹಂಗೂ ಇಲ್ಲ, ಧಾನ್ಯಗಳಲ್ಲಿ ಅದರದು ಒಳ್ಳೆಯ ಸ್ಥಾನ. ಆದ್ದರಿಂದ ಸುಮಾ ಅವರೇ, ಮುದ್ದೆಗೂ ಈ ಮಾತು ಖಂಡಿತ ಅನ್ವಯಿಸುತ್ತದೆ. ರಾಗಿ ಮೆಥಿಯೋನೀನ್ ತರುತ್ತದೆ, ಬೇಳೆ ಲೈಸೀನ್ ತರುತ್ತದೆ.

ಒಂದೇ ತುತ್ತಿನ ವಿಷಯ. ಜೀರ್ಣವಾದ ಅಮೈನೋ ಆಮ್ಲಗಳು ಆ ಕ್ಷಣವೇ ಖರ್ಚಾಗಿ ಹೋಗುವುದಿಲ್ಲ. ರಕ್ತದಲ್ಲಿ, ಅದಕ್ಕಿಂತ ಹೆಚ್ಚಾಗಿ ಸ್ನಾಯುಗಳಲ್ಲಿ, ಬಿಡಿಯಾಗಿ ಒಂದಿಷ್ಟು ದಾಸ್ತಾನು ಸದಾ ಇರುತ್ತದೆ. ಲೈಸೀನಿನ ದಾಸ್ತಾನು ಒಂದು ಊಟದ ಕೊರತೆಯನ್ನು ಇನ್ನೊಂದು ಊಟದವರೆಗೆ ತೂಗಿಸುವಷ್ಟಿದೆ. ಅಮೆರಿಕದ ವರ್ನನ್ ಯಂಗ್ ಮತ್ತು ಪೀಟರ್ ಪೆಲೆಟ್ ಎಂಬ ತಜ್ಞರು 1994ರಲ್ಲೇ ಸಸ್ಯಾಹಾರದ ಪ್ರೋಟೀನ್ ಬಗ್ಗೆ ಬರೆಯುತ್ತಾ, ಪ್ರತಿ ಊಟದಲ್ಲೂ ಹೊಂದಿಸಬೇಕಾಗಿಲ್ಲ, ದಿನದ ಒಟ್ಟು ಲೆಕ್ಕ ಸರಿಯಿದ್ದರೆ ಸಾಕು ಎಂದಿದ್ದರು. ನಿಮ್ಮ ಬೆಳಗಿನ ಚಪಾತಿ ವ್ಯರ್ಥವಲ್ಲ.

ಆದರೆ ಆ ಒಟ್ಟು ಲೆಕ್ಕವೇ ನನಗೆ ಅನುಮಾನ. 'ಸಾರು ಇದೆ, ಚಿಂತೆಯಿಲ್ಲ' ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಸಾರಿನಲ್ಲಿ ಬೇಳೆ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಸುಮಾ ಅವರೇ, ಒಂದು ದಿನಕ್ಕೆ ನೀವು ಹಾಕುವ ಬೇಳೆಯನ್ನು, ನೀವೊಬ್ಬರೇ ತಿನ್ನುವ ಅಕ್ಕಿ ಮತ್ತು ಹಿಟ್ಟನ್ನು ಬೇಯಿಸುವ ಮುಂಚೆ ತೂಗಿ ಹೇಳಬಲ್ಲಿರಾ? ಜೊತೆಗೆ ನಿಮ್ಮ ತೂಕ, ಹಾಲು–ಮೊಸರು ಎಷ್ಟು ಎಂಬುದನ್ನೂ ತಿಳಿಸಿ.

ಪಾವಗಡ ರೈತ

ಬೇಳೆಯ ಬೆಲೆ ನೋಡಿದ್ದೀರಾ ಅಮ್ಮ? ನಮ್ಮ ಕಡೆ ಮನೆಯಲ್ಲಿ ಬೆಳೆದ ಕಡಲೇಕಾಯಿ ಇರುತ್ತದೆ. ಮುದ್ದೆಗೆ, ರೊಟ್ಟಿಗೆ ಕಡಲೇಕಾಯಿ ಚಟ್ನಿ ಹಾಕಿಕೊಂಡರೆ ಬೇಳೆಗಿಂತ ಹೆಚ್ಚು ಪ್ರೋಟೀನ್ ಸಿಗುತ್ತದೆ. ಬೇಳೆಯ ಗೊಡವೆಯೇ ಬೇಡ.

ಮುಳಬಾಗಿಲು ಓಟಗಾರ

ನಾನು ದಿನಾ ಓಡುತ್ತೇನೆ, ವ್ಯಾಯಾಮಶಾಲೆಗೂ ಹೋಗುತ್ತೇನೆ. ಯಾವ ಕಂಪನಿಯ ಪ್ರೋಟೀನ್ ಪುಡಿ ಒಳ್ಳೆಯದು? ಬೇಳೆಯಿಂದ ಸ್ನಾಯು ಬೆಳೆಯುವುದಿಲ್ಲ ಎಂದು ನಮ್ಮ ತರಬೇತುದಾರರು ಹೇಳುತ್ತಾರೆ.

ಗೌರಿಬಿದನೂರು ವಿಮಲಾ

ಪಾವಗಡದವರೇ, ಕಡಲೇಕಾಯಿಯಲ್ಲಿ ಪ್ರೋಟೀನ್ ಹೇರಳವಾಗಿದೆ, ನಿಮ್ಮ ಮಾತು ನಿಜ. ನೂರು ಗ್ರಾಂಗೆ ತೊಗರಿಬೇಳೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಒಂದೆರಡು ಗ್ರಾಂ ಹೆಚ್ಚು. ಆದರೆ ಆ ಪ್ರೋಟೀನಿನಲ್ಲಿ ಲೈಸೀನ್ ಪಾಲು ಬೇಳೆಯಲ್ಲಿರುವುದರ ಅರ್ಧದಷ್ಟು ಮಾತ್ರ. ರಾಗಿಗೆ ಕಡಿಮೆ ಇರುವುದು ಅದೇ. ಕೊರತೆ ಇರುವಲ್ಲಿಗೆ ಕೊರತೆ ಇರುವುದನ್ನೇ ಸೇರಿಸಿದರೆ ಒಟ್ಟು ಪ್ರೋಟೀನ್ ಏರುತ್ತದೆ, ಲೈಸೀನ್ ಅಷ್ಟಾಗಿ ಏರುವುದಿಲ್ಲ. ಎಳ್ಳು, ಹುಚ್ಚೆಳ್ಳಿನ ಚಟ್ನಿಪುಡಿಗೂ ಇದೇ ಮಾತು. ಚಟ್ನಿಯನ್ನು ಬಿಡಬೇಡಿ, ಆದರೆ ಬೇಳೆಯ ಜಾಗದಲ್ಲಿ ಅದನ್ನು ಕೂರಿಸಬೇಡಿ. ಅದೇ ಚಟ್ನಿಗೆ ಅರ್ಧ ಪಾಲು ಹುರಿಗಡಲೆ ಹಾಕಿ ರುಬ್ಬಿದರೆ ಸಂಗತಿ ಬೇರೆಯಾಗುತ್ತದೆ, ಏಕೆಂದರೆ ಅದು ಕಡಲೆಯ ಜಾತಿ.

ಮುಳಬಾಗಿಲಿನ ತಮ್ಮ, ಪುಡಿಯ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಕೇಳಿರುವುದು ಮನೆಯೂಟದ ಬಗ್ಗೆ.

ಕ್ಯಾತ್ಸಂದ್ರ ಸುಮಾ

ತೂಗಿದೆ ವಿಮಲಕ್ಕ. ಪಕ್ಕದ ಅಂಗಡಿಯ ತಕ್ಕಡಿಯಲ್ಲೇ ತೂಗಿಸಿದೆ. ನಾನು ಬೇಳೆ ಅಳೆಯುವ ಸ್ಟೀಲ್ ಲೋಟದಲ್ಲಿ ತೊಗರಿಬೇಳೆ ತೊಂಬತ್ತು ಗ್ರಾಂ ಹತ್ತಿರ ಬರುತ್ತದೆ. ಇಡೀ ದಿನಕ್ಕೆ, ನಾಲ್ಕು ಜನಕ್ಕೆ, ಅದೊಂದು ಲೋಟವೇ. ಬೆಳಿಗ್ಗೆ ಒಮ್ಮೆ ಬೇಯಿಸಿ ಎರಡು ಹೊತ್ತಿನ ಸಾರಿಗೂ ಹಂಚುತ್ತೇನೆ.

ನನ್ನ ಪಾಲು: ಎರಡು ಚಪಾತಿಗೆ ಹಿಟ್ಟು ಅರವತ್ತು ಗ್ರಾಂ, ಒಂದು ಮುದ್ದೆಗೆ ರಾಗಿಹಿಟ್ಟು ನೂರಿಪ್ಪತ್ತು, ರಾತ್ರಿಯ ಅನ್ನಕ್ಕೆ ಅಕ್ಕಿ ನೂರಿಪ್ಪತ್ತು. ಕಾಫಿ ಮತ್ತು ಮಜ್ಜಿಗೆ ಸೇರಿ ಹಾಲು ಇನ್ನೂರು ಮಿಲಿ ಆಗಬಹುದು. ನನ್ನ ತೂಕ ಐವತ್ತೈದು ಕಿಲೋ.

ಗೌರಿಬಿದನೂರು ವಿಮಲಾ

ಇಷ್ಟು ಶ್ರಮ ತೆಗೆದುಕೊಂಡಿದ್ದಕ್ಕೆ ಸಂತೋಷ. ಲೆಕ್ಕ ನೋಡೋಣ.

ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂ ಲೈಸೀನ್ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಅಂಕಿ. ಇದು ಪರದೇಶದವರ ಮೈಗೆ ಹೊಂದುವ ಅಂಕಿ ಮಾತ್ರವಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಜೊತೆಗಾರರು ಭಾರತೀಯರ ಮೇಲೆಯೇ ಅಳತೆ ಮಾಡಿ ನೋಡಿದಾಗಲೂ ಇದರ ಆಸುಪಾಸೇ ಬಂತು. ನಿಮ್ಮ ಐವತ್ತೈದು ಕಿಲೋಗೆ 1650 ಆಯಿತು. ತಿಂದದ್ದೆಲ್ಲ ಜೀರ್ಣವಾಗುವುದಿಲ್ಲ, ಧಾನ್ಯ–ಬೇಳೆಯ ಊಟದಲ್ಲಿ ಐದನೇ ಒಂದು ಪಾಲು ಹೀಗೇ ಹೊರಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹಾಗಾಗಿ ತಟ್ಟೆಯಲ್ಲಿ ಸುಮಾರು 2000 ಇರುವಂತೆ ನೋಡಿಕೊಳ್ಳಬೇಕು.

ನಿಮ್ಮ ಚಪಾತಿ, ಮುದ್ದೆ, ಅನ್ನ ಮೂರೂ ಸೇರಿ ಕೊಡುವುದು ಸುಮಾರು 770. ಹಾಲು–ಮಜ್ಜಿಗೆಯಿಂದ 500. ಹಾಲು ಲೈಸೀನಿನಲ್ಲಿ ಬಲವಾದದ್ದು, ನಿಮ್ಮ ಮನೆಯನ್ನು ಇಲ್ಲಿಯವರೆಗೆ ಕಾಪಾಡಿರುವುದು ಅದೇ. ಇನ್ನು ಬೇಳೆ. ತೊಂಬತ್ತು ಗ್ರಾಂನಲ್ಲಿ ನಿಮ್ಮ ಪಾಲು ಇಪ್ಪತ್ತೆರಡು ಗ್ರಾಂ, ಅಂದರೆ 310. ಒಟ್ಟು 1580. ಇನ್ನೂ ನಾನೂರಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಅದಕ್ಕೆ ಬೇಳೆ ಮೂವತ್ತು ಗ್ರಾಂ ಹೆಚ್ಚಾಗಬೇಕು. ದಿನಕ್ಕೆ ಒಬ್ಬರಿಗೆ ಐವತ್ತು ಗ್ರಾಂ ಎಂದರೆ ನಾಲ್ವರಿಗೆ ನಿಮ್ಮ ಲೋಟದಲ್ಲಿ ಎರಡು ಲೋಟ ತುಂಬಿ ಇನ್ನಷ್ಟು.

ಒಟ್ಟು ಪ್ರೋಟೀನಿನ ಕಡೆಯಿಂದ ನೋಡಿದರೂ ಕಥೆ ಅದೇ. ನಿಮ್ಮ ತೂಕದ ಹೆಂಗಸಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ಹೇಳಿರುವುದು ದಿನಕ್ಕೆ 46 ಗ್ರಾಂ. ನಿಮ್ಮ ಈಗಿನ ಊಟ 36ಕ್ಕೆ ನಿಲ್ಲುತ್ತದೆ, ಬೇಳೆ ಹೆಚ್ಚಿಸಿದರೆ 42ಕ್ಕೆ ಬರುತ್ತದೆ. ಉಳಿದ ನಾಲ್ಕು ಗ್ರಾಂಗೆ ಸೊಪ್ಪು, ತರಕಾರಿ, ಪಾವಗಡದವರ ಕಡಲೇಕಾಯಿ ಇದ್ದೇ ಇವೆ.

ಯಜಮಾನರು ಹಾಲು ಕುಡಿಯದವರಾದರೆ ಅವರ ಲೆಕ್ಕ ಬೇರೆ. ಮಗಳು ಬೆಳೆಯುವ ವಯಸ್ಸಿನವಳು, ಅವಳಿಗೆ ಕಿಲೋ ಲೆಕ್ಕದಲ್ಲಿ ನಿಮಗಿಂತ ಸ್ವಲ್ಪ ಹೆಚ್ಚೇ ಬೇಕು.

ತಿಪಟೂರು ಶಿವಣ್ಣ

ಹಾಗಾದರೆ ನಮ್ಮ ಹಿರಿಯರು ತಿಂದದ್ದು ಕಡಿಮೆಯಾಯಿತೇ? ಅವರು ಎಂಬತ್ತು ವರ್ಷ ಹೊಲದಲ್ಲಿ ದುಡಿದರಲ್ಲ!

ಗೌರಿಬಿದನೂರು ವಿಮಲಾ

ದುಡಿದವರು ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು ಶಿವಣ್ಣನವರೇ. ಧಾನ್ಯವನ್ನೇ ಅಷ್ಟು ಹೆಚ್ಚು ತಿಂದಾಗ ಅದರಿಂದಲೇ ಲೈಸೀನ್ ಒಂದು ಮಟ್ಟಕ್ಕೆ ತುಂಬುತ್ತದೆ. ಜೊತೆಗೆ ಹೊಲದ ಅಕ್ಕಡಿಸಾಲಿನ ಅವರೆ, ತೊಗರಿ, ಅಲಸಂದೆ, ಹುರುಳಿ ಮನೆಯಲ್ಲಿ ಇರುತ್ತಿದ್ದವು. ನಾವು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುತ್ತಾ ಮುದ್ದೆಯನ್ನು ಅರ್ಧಕ್ಕೆ ಇಳಿಸಿದೆವು, ಅದು ಸರಿಯೇ. ಆದರೆ ಮುದ್ದೆ ಇಳಿದಾಗ ಕಾಳು ಏರಬೇಕಿತ್ತು. ಏರಲಿಲ್ಲ, ಅದೂ ಇಳಿಯಿತು.

ಬಂಗಾರಪೇಟೆ ಮಂಜುನಾಥ

ನನ್ನದೊಂದು ಪ್ರಶ್ನೆ. ನಮ್ಮ ತಂದೆಗೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ದುರ್ಬಲವಾಗಿದೆ, ಇನ್ನೂ ಡಯಾಲಿಸಿಸ್ ಶುರುವಾಗಿಲ್ಲ. ಬೇಳೆ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಇಲ್ಲಿ ಐವತ್ತು ಗ್ರಾಂ ಎನ್ನುತ್ತಿದ್ದೀರಿ. ಯಾವುದನ್ನು ನಂಬಲಿ?

ಗೌರಿಬಿದನೂರು ವಿಮಲಾ

ನಿಮ್ಮ ವೈದ್ಯರನ್ನು ನಂಬಿ. ಈ ಲೆಕ್ಕ ಮೂತ್ರಪಿಂಡ ಸರಿಯಿರುವವರಿಗೆ ಮಾತ್ರ. ಡಯಾಲಿಸಿಸ್‌ಗೆ ಮುಂಚಿನ ಹಂತದಲ್ಲಿ ಪ್ರೋಟೀನ್ ಮಿತಿ ಇರುತ್ತದೆ, ಡಯಾಲಿಸಿಸ್ ಶುರುವಾದ ಮೇಲೆ ಅದೇ ವೈದ್ಯರು ಹೆಚ್ಚು ತಿನ್ನಿ ಎನ್ನುತ್ತಾರೆ. ಪೊಟ್ಯಾಸಿಯಂ, ರಂಜಕದ ಲೆಕ್ಕವೂ ಸೇರಿಕೊಳ್ಳುತ್ತದೆ. ತಂದೆಯವರ ರಕ್ತಪರೀಕ್ಷೆಯ ವರದಿ ಹಿಡಿದು ಆಸ್ಪತ್ರೆಯ ಆಹಾರತಜ್ಞರನ್ನು ಕಾಣಿ. ಇಲ್ಲಿ ಓದಿ ಅವರ ತಟ್ಟೆಯನ್ನು ಬದಲಿಸಬೇಡಿ.

ಚಿಂತಾಮಣಿ ರತ್ನಮ್ಮ

ಲೆಕ್ಕವೆಲ್ಲ ಸರಿ, ಬಸ್ಸಾರಿನ ವಿಷಯ ಯಾರೂ ಹೇಳಲಿಲ್ಲ. ಮೂವತ್ತು ಜನರ ಅಡುಗೆ ಮಾಡಿ ಬಡಿಸಿದವಳು ನಾನು, ಅದನ್ನು ಹೇಳುತ್ತೇನೆ. ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬೆಂದ ಕಾಳು–ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮೊದಲು ಊಟಕ್ಕೆ ಕೂತವರಿಗೆ ಪಲ್ಯ ಬೀಳುತ್ತದೆ, ಗಂಡಸರು ಎರಡನೆಯ ಸಲವೂ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ಉಣ್ಣುವ ಹೆಂಗಸರಿಗೆ ಮುದ್ದೆ ಮತ್ತು ಸಾರು ಉಳಿಯುತ್ತದೆ, ಪಾತ್ರೆಯಲ್ಲಿ ಪಲ್ಯ ಇರುವುದಿಲ್ಲ. ಆ ಸಾರಿನಲ್ಲಿ ಏನಿದೆ ವಿಮಲಮ್ಮ?

ಗೌರಿಬಿದನೂರು ವಿಮಲಾ

ರತ್ನಮ್ಮನವರೇ, ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯವಾದ ಮಾತು ಇದು. ಕಟ್ಟಿಗೆ ರುಚಿ ಇಳಿಯುತ್ತದೆ, ಬಣ್ಣ ಇಳಿಯುತ್ತದೆ, ಕೆಲವು ಜೀವಸತ್ವಗಳು ಮತ್ತು ಲವಣಗಳೂ ಇಳಿಯುತ್ತವೆ. ಪ್ರೋಟೀನ್ ಮಾತ್ರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಕಾಳು ಕರಗಿ ಕಟ್ಟು ಮಂದವಾಗಿದ್ದರೆ ಸ್ವಲ್ಪ ಹೆಚ್ಚು, ತಿಳಿಯಾಗಿದ್ದರೆ ತೀರಾ ಕಡಿಮೆ. ಉಪ್ಪೆಸರಿಗೂ ಇದೇ ಮಾತು. ನೂರು ಗ್ರಾಂ ಅಲಸಂದೆ ಹಾಕಿ ಬಸ್ಸಾರು ಮಾಡಿದೆವು ಎಂದರೆ ಮನೆಯ ಲೆಕ್ಕದಲ್ಲಿ ನೂರು ಗ್ರಾಂ ಕಾಳು. ಬರೀ ಸಾರು ಉಂಡವಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೊನ್ನೆ. ಮೇಲೆ ನಾನು ತೊಂಬತ್ತನ್ನು ನಾಲ್ಕರಿಂದ ಭಾಗಿಸಿದ್ದು ಎಲ್ಲರಿಗೂ ಸಮನಾಗಿ ಬೀಳುತ್ತದೆ ಎಂದುಕೊಂಡು. ಹಾಗೆ ಬೀಳದ ಮನೆಗಳಲ್ಲಿ ಆ ಭಾಗಾಕಾರವೇ ಸುಳ್ಳಾಗುತ್ತದೆ.

ತೊಗರಿಬೇಳೆ ಸಾರಿಗೂ ಒಂದು ಪರೀಕ್ಷೆ ಇದೆ. ಒಲೆಯಿಂದ ಇಳಿಸಿ ಹತ್ತು ನಿಮಿಷ ಅಲ್ಲಾಡಿಸದೆ ಬಿಡಿ. ಮೇಲೆ ಎಷ್ಟು ತಿಳಿ ನಿಂತಿದೆ, ತಳದಲ್ಲಿ ಎಷ್ಟು ಬೇಳೆ ಕೂತಿದೆ ನೋಡಿ. ಮುಕ್ಕಾಲು ಪಾತ್ರೆ ತಿಳಿಯೇ ಇದ್ದರೆ, ಸೌಟನ್ನು ಮೇಲಿನಿಂದ ತೆಗೆದು ಬಡಿಸಿದ ತಟ್ಟೆಗೆ ಹೋಗುವುದು ಹುಣಸೆಹುಳಿ ಮತ್ತು ಖಾರ. ಬಡಿಸುವಾಗ ತಳದಿಂದ ಕದಡಿ ಬಡಿಸಬೇಕು.

ಕ್ಯಾತ್ಸಂದ್ರ ಸುಮಾ

ರತ್ನಮ್ಮನವರೇ, ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಮನೆಯಲ್ಲಿ ನಡೆಯುವುದೂ ಇದೇ. ಈಗ ಪಲ್ಯವನ್ನು ಮೊದಲೇ ನಾಲ್ಕು ಬಟ್ಟಲಿಗೆ ಹಂಚಿಟ್ಟು ಆಮೇಲೆ ಊಟಕ್ಕೆ ಕರೆಯುತ್ತಿದ್ದೇನೆ.

ಒಂದು ತೊಡಕು ಬಂದಿದೆ. ಬೇಳೆ ಹೆಚ್ಚು ಹಾಕಿದರೆ ಸಾರು ಗಟ್ಟಿಯಾಗುತ್ತದೆ. ಅನ್ನಕ್ಕೆ ಚೆನ್ನ, ಮುದ್ದೆಗೆ ಆಗುವುದಿಲ್ಲ. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಣ್ಣಗೆ ಜಾರಬೇಕು. ಯಜಮಾನರು ಎರಡು ತುತ್ತಿಗೇ ತಟ್ಟೆ ಸರಿಸಿದರು.

ಚಿಂತಾಮಣಿ ರತ್ನಮ್ಮ

ಮುದ್ದೆಯ ಸಾರನ್ನು ಗಟ್ಟಿ ಮಾಡಲು ಹೋಗಬೇಡಿ ಸುಮಾ. ಅದು ತೆಳ್ಳಗೇ ಇರಲಿ, ಕಾಳು ಪಕ್ಕದಲ್ಲಿ ಇರಲಿ. ಬಸ್ಸಾರಿನ ಪಲ್ಯದಲ್ಲಿ ಸೊಪ್ಪು ಒಂದು ಪಾಲಾದರೆ ಕಾಳು ಎರಡು ಪಾಲು ಹಾಕಿ. ಮಸೊಪ್ಪು ಮಾಡುವ ದಿನ ಬೇಳೆಯನ್ನು ಸೊಪ್ಪಿನೊಂದಿಗೆ ಚೆನ್ನಾಗಿ ಮಸೆದರೆ ಮುದ್ದೆಯೂ ಜಾರುತ್ತದೆ, ಬೇಳೆಯೂ ಹೊಟ್ಟೆ ಸೇರುತ್ತದೆ. ಮಗಳಿಗೆ ಹೆಸರುಬೇಳೆ ಕೋಸಂಬರಿ ಮಾಡಿ. ಬೆಳಿಗ್ಗೆ ಆಲೂಗೆಡ್ಡೆ ಪಲ್ಯದ ಬದಲು ಚಪಾತಿಗೆ ಕಡಲೆಕಾಳು ಗೊಜ್ಜು ಮಾಡಿದರೆ ಅಲ್ಲೇ ಒಂದು ಪಾಲು ಮುಗಿಯಿತು. ಈಗ ಅವರೆಕಾಯಿ ಕಾಲ, ಹಿತಕಿದಬೇಳೆ ಹುಳಿ ಮಾಡಿದರೆ ಯಾರೂ ತಟ್ಟೆ ಸರಿಸುವುದಿಲ್ಲ.

ಗೌರಿಬಿದನೂರು ವಿಮಲಾ

ಎಲ್ಲವೂ ಒಳ್ಳೆಯ ದಾರಿಗಳು. ಅವರೆಯ ಬಗ್ಗೆ ಒಂದೇ ಎಚ್ಚರ: ಹಸಿಕಾಳಿನಲ್ಲಿ ನೀರೇ ಹೆಚ್ಚು. ಐವತ್ತು ಗ್ರಾಂ ಒಣಬೇಳೆಯ ಜಾಗಕ್ಕೆ ಐವತ್ತು ಗ್ರಾಂ ಹಸಿ ಅವರೆ ಹಾಕಿದರೆ ಸಾಲದು, ಬಟ್ಟಲು ತುಂಬ ಬೇಕು. ಚಪಾತಿಗೆ ಕಾಳು ಎಂದಿರಿ, ಅದನ್ನು ಎತ್ತಿ ಹೇಳುತ್ತೇನೆ. ಪ್ರೋಟೀನಿಗೆ ಹೋಲಿಸಿದರೆ ಲೈಸೀನ್ ಕಡಿಮೆ ಇರುವುದು ಗೋಧಿಯಲ್ಲಿ, ಅಕ್ಕಿಯಲ್ಲಿ ಅಷ್ಟು ಕಡಿಮೆಯಿಲ್ಲ. ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕಿದ ಪೊಂಗಲ್ ಸರಿಯಾಗಿ ತೂಗುತ್ತದೆ, ಅದೇ ಅಳತೆ ಗೋಧಿಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಚಪಾತಿ–ಆಲೂಗೆಡ್ಡೆ ದಿನಾ ತಿನ್ನುವ ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು.

ಪಾವಗಡ ರೈತ

ಅಕ್ಕ, ಎರಡು ಲೋಟ ಬೇಳೆ ಎಂದು ಬರೆಯುವುದು ಸುಲಭ. ಪಡಿತರದಲ್ಲಿ ಅಕ್ಕಿ ಬರುತ್ತದೆ, ರಾಗಿಯೂ ಬರುತ್ತದೆ. ಬೇಳೆಯನ್ನು ಬಹುಪಾಲು ನಾವೇ ಕೊಳ್ಳಬೇಕು. ಕೂಲಿಗೆ ಹೋಗುವ ಮನೆಯಲ್ಲಿ ಒಂದು ಲೋಟವೂ ಹೆಚ್ಚೇ.

ಗೌರಿಬಿದನೂರು ವಿಮಲಾ

ನೀವು ಹೇಳುವುದು ನ್ಯಾಯ, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ತೊಗರಿಯೇ ಆಗಬೇಕೆಂದಿಲ್ಲ ಎಂದಷ್ಟೇ ಹೇಳಬಲ್ಲೆ. ಹುರುಳಿ ಸಾಮಾನ್ಯವಾಗಿ ಅಗ್ಗ, ಲೈಸೀನಿನಲ್ಲಿ ತೊಗರಿಗೆ ಏನೂ ಕಡಿಮೆಯಿಲ್ಲ. ದನಕ್ಕೆ ಹಾಕುವ ಕಾಳು ಎಂದು ಪೇಟೆಯವರು ಅದನ್ನು ದೂರ ಇಟ್ಟಿರುವುದು ನನಗೆ ನೋವಿನ ಸಂಗತಿ. ಹೊಲ ಇರುವವರು ರಾಗಿಯ ನಡುವೆ ಅಕ್ಕಡಿಸಾಲು ಬಿಡಬೇಡಿ.

ಮುಳಬಾಗಿಲು ಓಟಗಾರ

ವಿಮಲಾ ಮೇಡಂ, ನಾನೂ ನನ್ನ ಊಟವನ್ನು ತೂಗಿದೆ. ಮೂರು ಹೊತ್ತಿಗೂ ಸೇರಿ ಬೇಳೆ ಹದಿನೈದು ಗ್ರಾಂ ಬಂತು, ಹಾಲು ಕುಡಿಯುವುದಿಲ್ಲ. ಬೇಳೆ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಏನು ಮಾಡಲಿ?

ಚಿಂತಾಮಣಿ ರತ್ನಮ್ಮ

ಒಮ್ಮೆಲೇ ಏರಿಸಿದರೆ ಯಾರಿಗಾದರೂ ಉಬ್ಬರಿಸುತ್ತದೆ ಮಗು. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರ್‌ನಲ್ಲಿ ಬೇಯಿಸಿ. ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಟ್ಟಾಗಬೇಕು, ನಡುವೆ ಗಟ್ಟಿ ಸಿಕ್ಕರೆ ಬೆಂದಿಲ್ಲ. ಮೊದಲ ವಾರ ಸಿಪ್ಪೆ ತೆಗೆದ ಹೆಸರುಬೇಳೆ, ಆಮೇಲೆ ತೊಗರಿ, ಅದಾದ ಮೇಲೆ ಇಡಿ ಕಾಳು.

ಗೌರಿಬಿದನೂರು ವಿಮಲಾ

ರತ್ನಮ್ಮನವರ ಕ್ರಮ ಸರಿಯಾಗಿದೆ. ಸಿಪ್ಪೆ ತೆಗೆದಾಗ ಹೆಸರುಕಾಳಿನ ಪ್ರೋಟೀನ್ ಹೆಚ್ಚು ಜೀರ್ಣವಾಗುತ್ತದೆ ಎಂಬುದು ಸೇಂಟ್ ಜಾನ್ಸ್‌ನವರು ಜನರ ಮೇಲೆ ಅಳೆದಾಗಲೂ ಕಂಡಿದೆ. ನಿಮ್ಮ ತರಬೇತುದಾರರ ಮಾತಿಗೂ ಉತ್ತರ ಇದೇ: ಹದಿನೈದು ಗ್ರಾಂ ಬೇಳೆಯಿಂದ ಸ್ನಾಯು ಬೆಳೆಯುವುದಿಲ್ಲ, ನಿಜ. ವ್ಯಾಯಾಮ ಮಾಡುವವರಿಗೆ ಸುಮಾ ಅವರ ಐವತ್ತೂ ಸಾಲದು.

ಕ್ಯಾತ್ಸಂದ್ರ ಸುಮಾ

ಅತ್ತೆಯ ವಿಷಯ ಉಳಿಯಿತು ವಿಮಲಕ್ಕ. ಎಪ್ಪತ್ತೆರಡು ವರ್ಷ, ಹಲ್ಲಿಲ್ಲ, ರಾತ್ರಿ ಒಂದು ಸೌಟು ಮಜ್ಜಿಗೆ ಅನ್ನ ಬಿಟ್ಟರೆ ಏನೂ ಬೇಡ ಎನ್ನುತ್ತಾರೆ. ದಿನದ ಲೆಕ್ಕ ಎನ್ನುವುದು ಅವರಿಗೂ ಸರಿಯೇ, ಅಥವಾ ಪ್ರತಿ ಹೊತ್ತಿಗೂ ಬೇಳೆ ಬೇಕೇ?

ಗೌರಿಬಿದನೂರು ವಿಮಲಾ

ವಯಸ್ಸಾದವರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಪ್ರತಿ ಊಟದಲ್ಲೂ ಸಾಕಷ್ಟು ಪ್ರೋಟೀನ್ ಬಿದ್ದರೆ ಮಾತ್ರ ಮುದಿ ಸ್ನಾಯು ಸ್ಪಂದಿಸುತ್ತದೆ ಎನ್ನುವವರೂ ಇದ್ದಾರೆ, ದಿನದ ಮೊತ್ತವೇ ಮುಖ್ಯ ಎನ್ನುವವರೂ ಇದ್ದಾರೆ. ಅತ್ತೆಯವರಿಗೆ ಮೂತ್ರಪಿಂಡದ ತೊಂದರೆ ಇಲ್ಲವೆಂದಾದರೆ, ಮಧ್ಯಾಹ್ನ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿದ ಮೆತ್ತನೆಯ ಪೊಂಗಲ್ ಕೊಟ್ಟು ನೋಡಿ. ರಾತ್ರಿ ಮಜ್ಜಿಗೆಯ ಬದಲು ಗಟ್ಟಿ ಮೊಸರು ಕಲಸಿಕೊಡಿ. ಮಜ್ಜಿಗೆಯಲ್ಲಿ ಮುಕ್ಕಾಲು ನೀರು, ಅಷ್ಟೇ ಸೌಟಿನಲ್ಲಿ ಮೊಸರಾದರೆ ಮೂರು ನಾಲ್ಕು ಪಟ್ಟು ಸಿಗುತ್ತದೆ.

ಚಿಂತಾಮಣಿ ರತ್ನಮ್ಮ

ಪೊಂಗಲ್‌ಗೆ ಮೆಣಸು ಇಡಿಯಾಗಿ ಹಾಕಬೇಡಿ, ಪುಡಿ ಮಾಡಿ ಹಾಕಿ. ಹಲ್ಲಿಲ್ಲದವರು ಒಂದು ಮೆಣಸು ಸಿಕ್ಕಿದರೂ ತಟ್ಟೆ ಬಿಟ್ಟುಬಿಡುತ್ತಾರೆ.